ಬರ್ಗರ್ ಕಾಯಿಲೆ: ಬೀಡಿ ಬಿಟ್ಟ ದಿನದಿಂದ ಉಳಿಯುವ ಕಾಲು

ಕಾಲಿನ ಬೆರಳು ಕಪ್ಪಾಯಿತು, ಗ್ಯಾಂಗ್ರೀನ್ ಅಂತೆ ಎಂಬ ಸುದ್ದಿ ಬಂದರೆ ಯಾರಾದರೂ ಮೊದಲು ಕೇಳುವುದು ಸಕ್ಕರೆ ಕಾಯಿಲೆ ಇತ್ತೇ ಎಂದು. ಐವತ್ತು, ಅರವತ್ತು ದಾಟಿದವರ ವಿಷಯದಲ್ಲಿ ಆ ಪ್ರಶ್ನೆ ಸರಿ. ಆದರೆ ಕಾಲು ಹಿಡಿದುಕೊಂಡು ಬಂದವನಿಗೆ ಮೂವತ್ತು ವರ್ಷ, ಸಕ್ಕರೆಯೂ ಇಲ್ಲ, ರಕ್ತದೊತ್ತಡವೂ ಇಲ್ಲ, ಮೈಕಟ್ಟು ಗಟ್ಟಿಯಾಗಿದೆ, ದಿನಕ್ಕೆ ಒಂದು ಕಟ್ಟು ಬೀಡಿ ಮಾತ್ರ ಬೇಕೇ ಬೇಕು ಎಂದರೆ ವೈದ್ಯರ ಮನಸ್ಸು ಬೇರೆ ಕಡೆ ಹೋಗಬೇಕು. ಅದೇ ಬರ್ಗರ್ ಕಾಯಿಲೆ. ಆಸ್ಪತ್ರೆಯ ಚೀಟಿಯಲ್ಲಿ ‘ಟಿಎಓ’ ಎಂದು ಬರೆದಿರುತ್ತಾರೆ. ಥ್ರಾಂಬೊ ಆಂಜೈಟಿಸ್ ಆಬ್ಲಿಟರನ್ಸ್ ಎಂಬುದರ ಮೊಟಕು ರೂಪ ಅದು. ರಕ್ತನಾಳಕ್ಕೆ ಉರಿಯೂತ ಬಂದು, ಒಳಗೆ ರಕ್ತ ಹೆಪ್ಪುಗಟ್ಟಿ, ನಾಳವೇ ಮುಚ್ಚಿಹೋಗುವುದು ಎಂದು ಅರ್ಥ.

ಪಶ್ಚಿಮ ಯುರೋಪಿನಲ್ಲಿ ಇದು ಅಪರೂಪ. ಭಾರತದಲ್ಲಿ ಹಾಗಲ್ಲ. ವೈದ್ಯಕೀಯ ಬರಹಗಳಲ್ಲಿ ಬಹುಕಾಲದಿಂದ ಉಲ್ಲೇಖವಾಗುತ್ತಿರುವ ಲೆಕ್ಕದಂತೆ, ಕಾಲಿನ ರಕ್ತನಾಳ ಕಟ್ಟಿಕೊಂಡು ಆಸ್ಪತ್ರೆಗೆ ಬಂದವರಲ್ಲಿ ಈ ಕಾಯಿಲೆಯವರ ಪಾಲು ಪಶ್ಚಿಮ ಯುರೋಪಿನಲ್ಲಿ ಶೇ. 0.5ರಿಂದ 5.6, ಭಾರತದಲ್ಲಿ ಶೇ. 45ರಿಂದ 63. ಹನೂರು, ಕೊಳ್ಳೇಗಾಲದ ಕಡೆಯ ಕೂಲಿಗಾರ, ಲಾರಿ ಕ್ಲೀನರ್, ಕಲ್ಲು ಕ್ವಾರಿಯ ಕೆಲಸಗಾರ ಇದರ ಹೆಸರನ್ನು ಕೇಳಿರಲಾರ. ಲಕ್ಷಣ ಮಾತ್ರ ಅವನ ಕಾಲಿನಲ್ಲಿ ಶುರುವಾಗಿರಬಹುದು.

ಹೆಸರಿನ ಹಿಂದೆ

1879ರಲ್ಲಿ ಆಸ್ಟ್ರಿಯಾದ ಶಸ್ತ್ರವೈದ್ಯ ಫೆಲಿಕ್ಸ್ ಫಾನ್ ವಿನಿವಾರ್ಟರ್ 57 ವರ್ಷದ ರೋಗಿಯೊಬ್ಬನ ಕತ್ತರಿಸಿದ ಕಾಲನ್ನು ಪರೀಕ್ಷಿಸಿ, ಮುಪ್ಪಿನಲ್ಲಿ ನಾಳ ಗಡುಸಾಗುವುದಕ್ಕಿಂತ ಇದು ಬೇರೆ ಎಂದು ಬರೆದ. ಅದೇ ವರ್ಷ ವಿಯೆನ್ನಾದಲ್ಲಿ ಹುಟ್ಟಿದ ಲಿಯೋ ಬರ್ಗರ್ ಮುಂದೆ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ವೈದ್ಯನಾದ. ಕತ್ತರಿಸಿ ತೆಗೆದ 11 ಕೈಕಾಲುಗಳ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1908ರಲ್ಲಿ ಪ್ರಬಂಧ ಪ್ರಕಟಿಸಿದ. ಕಾಯಿಲೆಗೆ ಅವನ ಹೆಸರೇ ನಿಂತಿತು.

ನಾಳದೊಳಗೆ ಏನಾಗುತ್ತದೆ

ವಯಸ್ಸಾದವರ ನಾಳ ಮುಚ್ಚುವುದು ಹಳೇ ನೀರಿನ ಪೈಪಿಗೆ ಉಪ್ಪು ಕಟ್ಟಿದ ಹಾಗೆ. ಕೊಬ್ಬು, ಸುಣ್ಣ ಗೋಡೆಗೆ ಮೆತ್ತಿಕೊಳ್ಳುತ್ತಾ ವರ್ಷಗಟ್ಟಲೆ ದಾರಿ ಕಿರಿದಾಗುತ್ತದೆ. ಅದು ಹೆಚ್ಚಾಗಿ ಹೊಟ್ಟೆಯ, ತೊಡೆಯ ದೊಡ್ಡ ನಾಳಗಳಲ್ಲಿ ಆಗುವಂಥದ್ದು. ಬರ್ಗರ್ ಕಾಯಿಲೆ ಇದರ ತಿರುಗುಮುರುಗು. ಕಾಲುವೆಯ ನೀರು ಕಡಿಮೆಯಾದಾಗ ಮೊದಲು ಒಣಗುವುದು ಬಾಲದ ಜಮೀನು ಎಂಬುದನ್ನು ಗುಂಡಾಲ್ ಜಲಾಶಯದ ನೀರು ಕಂಡ ರೈತರಿಗೆ ಹೇಳಬೇಕಿಲ್ಲ. ಈ ಕಾಯಿಲೆಯೂ ಬಾಲದಿಂದಲೇ ಹಿಡಿಯುತ್ತದೆ. ಆದರೆ ಇಲ್ಲಿ ತೂಬಿನಲ್ಲಿ ನೀರು ಕಡಿಮೆಯಾಗಿರುವುದಿಲ್ಲ, ಕೊನೆಯ ಕಾಲುವೆಯೇ ಮುಚ್ಚಿರುತ್ತದೆ. ಮೊದಲು ಅಂಗಾಲಿನ ಮತ್ತು ಬೆರಳಿನ ಸಣ್ಣ ಧಮನಿಗಳು, ಆಮೇಲೆ ಪಾದದ ಮೇಲ್ಭಾಗದ್ದು, ಆಮೇಲೆ ಮೀನಖಂಡದ ಮೂರು ಧಮನಿಗಳು. ತೊಡೆಯ ನಾಳ ಕೊನೆಯವರೆಗೂ ನುಣುಪಾಗಿ, ಚೆನ್ನಾಗಿಯೇ ಇರುತ್ತದೆ.

ಮುಚ್ಚುವ ವಸ್ತುವೂ ಬೇರೆ. ಅದು ಕೊಬ್ಬಲ್ಲ, ರಕ್ತದ ಹೆಪ್ಪು. ಆ ಹೆಪ್ಪಿನೊಳಗೆ ಬಿಳಿ ರಕ್ತಕಣಗಳು ಕಿಕ್ಕಿರಿದಿರುತ್ತವೆ, ಅಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೀವಿನ ಗುಳ್ಳೆಗಳೂ ಇರುತ್ತವೆ. ನಾಳದ ಗೋಡೆಯ ಒಳಪದರದ ಎಳೆ ಮಾತ್ರ ಹರಿಯದೆ ಉಳಿದಿರುತ್ತದೆ. ಬೇರೆ ಬಗೆಯ ನಾಳದ ಉರಿಯೂತಗಳಿಂದ ಇದನ್ನು ಬೇರ್ಪಡಿಸುವ ಗುರುತುಗಳಲ್ಲಿ ಅದೂ ಒಂದು. ಮತ್ತೊಂದು ಸಂಗತಿ, ಇದು ತುಂಡು ತುಂಡಾಗಿ ಬರುತ್ತದೆ. ಒಂದು ಇಂಚು ನಾಳ ಮುಚ್ಚಿದ್ದರೆ ಮುಂದಿನದು ತೆರೆದಿರಬಹುದು. ಒಂದು ದಾಳಿ ಬರುತ್ತದೆ, ಕೆಲವು ವಾರ ಉರಿದು ಆರುತ್ತದೆ, ಮತ್ತೆ ಮುಂದಿನ ದಾಳಿ. ದಾಳಿಗೆ ಕಿಡಿ ಹಚ್ಚುವುದು ತಂಬಾಕು. ಮುಂದೆ ಹೇಳುವುದಕ್ಕೆಲ್ಲ ಇದೇ ಬುನಾದಿ.

ತಂಬಾಕು ಇದನ್ನು ಹೇಗೆ ಮಾಡುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ನಿಕೋಟಿನ್ ನಾಳವನ್ನು ಬಿಗಿ ಹಿಡಿಸುತ್ತದೆ, ಹೊಗೆಯ ಕಾರ್ಬನ್ ಮಾನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಇವು ಎಲ್ಲ ಧೂಮಪಾನಿಗಳಲ್ಲೂ ಆಗುವಂಥವು. ಈ ರೋಗಿಗಳಲ್ಲಿ ಅದರ ಮೇಲೆ ಇನ್ನೊಂದು ಸೇರುತ್ತದೆ. ನಾಳದ ಒಳಪದರ ಹಿಗ್ಗುವ ಶಕ್ತಿ ಕಳೆದುಕೊಂಡಿರುತ್ತದೆ, ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ನಾಳದ ಮೇಲೆಯೇ ತಿರುಗಿಬಿದ್ದ ಕುರುಹುಗಳು ಪರೀಕ್ಷೆಗಳಲ್ಲಿ ಸಿಕ್ಕಿವೆ. ಅದಕ್ಕೇ ಬೀಡಿ ಸೇದುವ ನೂರು ಜನರಲ್ಲಿ ಎಲ್ಲರಿಗೂ ಇದು ಬರುವುದಿಲ್ಲ. ಆದರೆ ಬಂದವನು ಯಾವುದೋ ರೂಪದಲ್ಲಿ ತಂಬಾಕು ಬಳಸುವವನೇ ಆಗಿರುತ್ತಾನೆ.

ಬೀಡಿಯ ಬಗ್ಗೆ ಒಂದು ಮಾತು. ತೂಬರೆ ಎಲೆಯಲ್ಲಿ ಸುತ್ತಿದ ಬೀಡಿ ಸಿಗರೇಟಿನಂತೆ ತಾನಾಗಿ ಉರಿಯುವುದಿಲ್ಲ. ಎಲೆಯ ಮೂಲಕ ಗಾಳಿ ಹೋಗುವುದು ಕಡಿಮೆ, ಹಾಗಾಗಿ ಆರದಿರಲು ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕು. ಫಿಲ್ಟರೂ ಇಲ್ಲ. ಒಳಗಿರುವ ತಂಬಾಕು ಕಡಿಮೆ, ಆದ್ದರಿಂದ ಸಿಗರೇಟಿಗಿಂತ ಹಗುರ ಎಂಬ ನಂಬಿಕೆ ತಪ್ಪು. ಬಾಂಗ್ಲಾದೇಶದಲ್ಲಿ ಈ ಕಾಯಿಲೆಯವರನ್ನೂ ಕಾಯಿಲೆ ಇಲ್ಲದವರನ್ನೂ ಹೋಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ಬೀಡಿ ಸೇದುವವರಿಗೆ ಇದರ ಅಪಾಯ ಸಿಗರೇಟು ಸೇದುವವರಿಗಿಂತ ಹೆಚ್ಚು ಎಂದು ಕಂಡಿತು.

ಒಬ್ಬನ ಕಾಲು, ಮೂರು ವರ್ಷ

ಕಾಯಿಲೆ ನಡೆಯುವ ದಾರಿ ತಿಳಿಯಲು ಲೊಕ್ಕನಹಳ್ಳಿಯಲ್ಲಿ ಇರಬಹುದಾದ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 32. ಮಳೆಗಾಲದಲ್ಲಿ ಮುಸುಕಿನ ಜೋಳ, ರಾಗಿ; ಉಳಿದ ಕಾಲದಲ್ಲಿ ಕೂಲಿ. ಹದಿನಾರನೇ ವಯಸ್ಸಿನಿಂದ ಬೀಡಿ, ಈಗ ದಿನಕ್ಕೊಂದು ಕಟ್ಟು.

ಮೊದಲ ವರ್ಷ ಅವನಿಗೆ ಬರುವುದು ಅಂಗಾಲಿನ ನಡುಭಾಗದಲ್ಲಿ ಹಿಡಿತ. ಹೊಲದಿಂದ ಊರಿಗೆ ನಡೆದು ಬರುವಾಗ ಬಲಗಾಲಿನ ಅಂಗಾಲು ಹಿಡಿದುಕೊಳ್ಳುತ್ತದೆ. ಎರಡು ನಿಮಿಷ ನಿಂತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿತ. ‘ವಸಿ ದೂರ ನಡದ್ರೆ ಹಿಡ್ಕತದೆ ಸಾ, ನಿಂತ್ಕಂಡ್ರೆ ಬುಟ್ಬುಡ್ತದೆ’ ಎಂದು ಅವನು ಹೇಳುವ ಆ ಒಂದೇ ವಾಕ್ಯದಲ್ಲಿ ರೋಗ ಇದೆ. ನರದ ನೋವು, ಮೂಳೆಯ ನೋವು ಇಷ್ಟು ನಿಯಮವಾಗಿ ಒಂದೇ ದೂರಕ್ಕೆ ಬಂದು, ಸುಮ್ಮನೆ ನಿಂತ ಮಾತ್ರಕ್ಕೆ ಹೋಗುವುದಿಲ್ಲ. ಆದರೆ ನೋವು ಅಂಗಾಲಿನಲ್ಲಿ ಇರುವುದರಿಂದ ಅದನ್ನು ಉಳುಕು, ವಾತ, ಚಪ್ಪಲಿಯ ದೋಷ ಎಂದುಕೊಂಡು ಎಣ್ಣೆ ತಿಕ್ಕಿಸಿಕೊಂಡು ತಿಂಗಳುಗಳು ಕಳೆಯುತ್ತವೆ.

ಅದೇ ವರ್ಷ ಅವನ ಮೀನಖಂಡದ ಮೇಲೆ ಚರ್ಮದಡಿ ಕೆಂಪಗೆ, ಹಗ್ಗದ ಹಾಗೆ ಗಟ್ಟಿಯಾದ ಒಂದು ಗೆರೆ ಎದ್ದು ಹದಿನೈದು ದಿನ ನೋಯುತ್ತದೆ. ಆಮೇಲೆ ಇಳಿದು ಕಂದು ಕಲೆ ಉಳಿಯುತ್ತದೆ. ಎರಡು ತಿಂಗಳ ಮೇಲೆ ಇನ್ನೊಂದು ಜಾಗದಲ್ಲಿ ಏಳುತ್ತದೆ. ಇದು ಅಭಿಧಮನಿಯ ಉರಿಯೂತ, ಜಾಗ ಬದಲಿಸುತ್ತಾ ಓಡಾಡುವಂಥದ್ದು. ಹತ್ತು ರೋಗಿಗಳಲ್ಲಿ ಸುಮಾರು ನಾಲ್ವರಿಗೆ ಇದು ಬರುತ್ತದೆ. ಧಮನಿ ಮತ್ತು ಅಭಿಧಮನಿ ಎರಡನ್ನೂ ಹಿಡಿಯುವುದು ಈ ಕಾಯಿಲೆಯ ವಿಶೇಷ.

ಎರಡನೇ ವರ್ಷ ನೋವು ಮೀನಖಂಡಕ್ಕೆ ಏರುತ್ತದೆ, ನಡೆಯುವ ದೂರ ಕುಗ್ಗುತ್ತದೆ. ಚಳಿಗಾಲದ ಬೆಳಗ್ಗೆ ಕೈಬೆರಳು ಬಿಳಿಚಿಕೊಂಡು ನೀಲಿಯಾಗುತ್ತವೆ. ಕೈಗೂ ಬಂದಿದೆ ಎಂದು ಗೊತ್ತಾಗುವುದು ಆಗ. ಈ ಕಾಯಿಲೆ ಒಂದೇ ಕಾಲಿಗೆ ನಿಲ್ಲುವುದು ಬಹಳ ಕಡಿಮೆ, ನೋವಿರುವುದು ಒಂದರಲ್ಲಾದರೂ ಪರೀಕ್ಷಿಸಿದರೆ ಎರಡು ಮೂರು ಅಂಗಗಳಲ್ಲಿ ನಾಳ ಮುಚ್ಚಿರುತ್ತದೆ.

ಮೂರನೇ ವರ್ಷ ನಿದ್ರೆ ಹೋಗುತ್ತದೆ. ಮಲಗಿದರೆ ಪಾದ ಉರಿಯುತ್ತದೆ, ಏಕೆಂದರೆ ಮಲಗಿದಾಗ ಪಾದಕ್ಕೆ ರಕ್ತ ಇಳಿಸಲು ಗುರುತ್ವದ ಸಹಾಯವಿಲ್ಲ. ಅವನು ಮಂಚದಿಂದ ಕಾಲನ್ನು ಕೆಳಗೆ ಇಳಿಬಿಟ್ಟು ಕೂರುತ್ತಾನೆ. ರಾತ್ರಿ ಎರಡು ಗಂಟೆಗೆ ಗೋಡೆಗೊರಗಿ ಕೂತು, ಮಂಡಿಯನ್ನು ಎರಡು ಕೈಯಲ್ಲಿ ಹಿಡಿದು, ನೋವು ಮರೆಯಲು ಇನ್ನೊಂದು ಬೀಡಿ ಹಚ್ಚುತ್ತಾನೆ. ಈ ಕಾಯಿಲೆಯ ಅತ್ಯಂತ ಕ್ರೂರವಾದ ಘಳಿಗೆ ಇದೇ ಎಂದು ನನಗನಿಸುತ್ತದೆ. ಬೀಡಿಯಿಂದ ಬಂದ ನೋವಿಗೆ ಬೀಡಿಯೇ ಮದ್ದಾಗಿ ಕಾಣುತ್ತದೆ. ಇಳಿಬಿಟ್ಟ ಪಾದಕ್ಕೆ ಬಾವು ಬರುತ್ತದೆ, ಬಾವು ಉಳಿದ ಸಣ್ಣ ನಾಳಗಳನ್ನೂ ಒತ್ತುತ್ತದೆ. ಒಂದು ದಿನ ಉಗುರು ಕತ್ತರಿಸುವಾಗ ಆದ ಗೀರು ಮಾಯದೆ ಹುಣ್ಣಾಗಿ, ಬೆರಳ ತುದಿ ಕಪ್ಪಾಗುತ್ತದೆ.

ಪತ್ತೆ ಹಚ್ಚುವುದು

ಮೊದಲ ಪರೀಕ್ಷೆಗೆ ಯಂತ್ರ ಬೇಡ. ರೋಗಿಯನ್ನು ಮಲಗಿಸಿ ಎರಡೂ ಕಾಲನ್ನು ಎತ್ತಿ ಹಿಡಿದು ಒಂದೆರಡು ನಿಮಿಷ ಕಾಯಬೇಕು. ರಕ್ತ ಸಾಲದ ಪಾದ ಸುಣ್ಣದಂತೆ ಬಿಳಿಚುತ್ತದೆ. ಎದ್ದು ಕೂತು ಕಾಲು ಇಳಿಬಿಟ್ಟಾಗ ಅದೇ ಪಾದ ನಿಧಾನವಾಗಿ ಕಡುಕೆಂಪಾಗುತ್ತದೆ. ಆ ಕೆಂಪನ್ನು ರಕ್ತ ಬಂತು ಎಂದು ತಪ್ಪು ತಿಳಿಯಬಾರದು. ಪಾದದ ಮೇಲ್ಭಾಗದಲ್ಲೂ ಒಳಗಣಕಾಲಿನ ಹಿಂದೆಯೂ ನಾಡಿ ಹುಡುಕಬೇಕು. ಮಂಡಿಯ ಹಿಂದಿನ ನಾಡಿ ಚೆನ್ನಾಗಿ ಸಿಕ್ಕಿ, ಪಾದದ್ದು ಸಿಗದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಎರಡನೆಯದು ಕೈ ಮತ್ತು ಕಣಕಾಲಿನ ರಕ್ತದೊತ್ತಡದ ಹೋಲಿಕೆ. ಡಾಪ್ಲರ್ ಎಂಬ ಪುಟ್ಟ ಉಪಕರಣ ಸಾಕು. ನಮ್ಮ ಯುವಕನ ತೋಳಿನ ಒತ್ತಡ 120, ಬಲ ಕಣಕಾಲಿನದು 60 ಎಂದಿಟ್ಟುಕೊಳ್ಳಿ. 60ನ್ನು 120ರಿಂದ ಭಾಗಿಸಿದರೆ 0.5. ಆರೋಗ್ಯವಂತ ಕಾಲಿನಲ್ಲಿ ಇದು 0.9ಕ್ಕಿಂತ ಮೇಲಿರಬೇಕು. ಎಡ ಕಣಕಾಲಿನದು 114, ಅಂದರೆ 0.95. ಎಡಗಾಲು ಸರಿ ಇದೆ ಎಂದು ಚೀಟಿ ಬರೆದರೆ ಅಲ್ಲೇ ತಪ್ಪಾಗುತ್ತದೆ. ಕಾಯಿಲೆ ಪಾದದೊಳಗಿನ ಸಣ್ಣ ನಾಳಗಳಲ್ಲಿ ಮಾತ್ರ ಇದ್ದರೆ ಕಣಕಾಲಿನ ಒತ್ತಡ ಸರಿಯಾಗಿಯೇ ಬರುತ್ತದೆ. ಅದಕ್ಕೆ ಹೆಬ್ಬೆರಳಿನ ಒತ್ತಡ ನೋಡಬೇಕು. ಅಲ್ಲಿ 30ಕ್ಕಿಂತ ಕಡಿಮೆ ಇದ್ದರೆ ಆ ಬೆರಳಿನ ಹುಣ್ಣು ತಾನಾಗಿ ಮಾಯುವುದು ಕಷ್ಟ.

ಆಂಜಿಯೋಗ್ರಾಂ ಮಾಡಿದರೆ ತೊಡೆಯಿಂದ ಮಂಡಿಯವರೆಗೆ ನುಣುಪಾದ ನಾಳ, ಅದರ ಕೆಳಗೆ ಕತ್ತರಿಸಿದ ಹಾಗೆ ನಿಂತ ನಾಳ, ಅದರ ಸುತ್ತ ಹಾಗಲಬಳ್ಳಿಯ ಸುರುಳಿಯಂತೆ ತಿರುಚಿಕೊಂಡ ಹತ್ತಾರು ಸಣ್ಣ ನಾಳಗಳು ಕಾಣುತ್ತವೆ. ಮುಚ್ಚಿದ ದಾರಿಯ ಪಕ್ಕದಲ್ಲಿ ದೇಹವೇ ಮಾಡಿಕೊಂಡ ಬಳಸುದಾರಿಗಳು ಅವು.

ಬರ್ಗರ್ ಕಾಯಿಲೆಯೇ ಎಂದು ಹೇಳುವ ರಕ್ತಪರೀಕ್ಷೆ ಯಾವುದೂ ಇಲ್ಲ. ಬೇರೆಯವನ್ನು ಹೊರಗಿಡುವುದೇ ದಾರಿ. ಸಕ್ಕರೆ, ಕೊಲೆಸ್ಟರಾಲ್, ಲೂಪಸ್, ರಕ್ತ ಹೆಪ್ಪುಗಟ್ಟುವ ಹುಟ್ಟುದೋಷ, ಹೃದಯದಿಂದ ಹಾರಿಬಂದ ಹೆಪ್ಪು, ಇವಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಜಪಾನಿನ ಶಿಯೊನೊಯಾ ಕೊಟ್ಟ ಐದು ಅಂಶಗಳನ್ನು ಬಹಳ ವೈದ್ಯರು ಅನುಸರಿಸುತ್ತಾರೆ: ಧೂಮಪಾನ, 50 ವರ್ಷದೊಳಗೆ ಶುರುವಾಗಿರುವುದು, ಮಂಡಿಯ ಕೆಳಗಿನ ಧಮನಿ ಮುಚ್ಚಿರುವುದು, ಕೈಗೂ ಬಂದಿರುವುದು ಅಥವಾ ಓಡಾಡುವ ಅಭಿಧಮನಿ ಉರಿಯೂತ, ಧೂಮಪಾನ ಬಿಟ್ಟು ನಾಳ ಗಡುಸಾಗುವುದಕ್ಕೆ ಬೇರೆ ಕಾರಣ ಇಲ್ಲದಿರುವುದು. ಹಳ್ಳಿಯಲ್ಲಿ ಇನ್ನೊಂದು ಗೊಂದಲವೂ ಆಗುತ್ತದೆ. ಕುಷ್ಠದ ಅಥವಾ ಸಕ್ಕರೆ ಕಾಯಿಲೆಯ ಹುಣ್ಣಿಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಪಾದ ಜೋಮು ಹಿಡಿದಿರುತ್ತದೆ. ಬರ್ಗರ್ ಹುಣ್ಣು ಹೊದಿಕೆ ತಾಗಿದರೂ ಕಿರುಚುವಷ್ಟು ನೋಯುತ್ತದೆ.

ಒಣಗಿದ್ದು, ಹಸಿಯಾದದ್ದು

ಬೆರಳು ಕಪ್ಪಾಗಿ, ಸುಕ್ಕುಗಟ್ಟಿ, ಒಣಕಡ್ಡಿಯಂತಾಗಿ, ಸತ್ತ ಭಾಗಕ್ಕೂ ಜೀವ ಇರುವ ಭಾಗಕ್ಕೂ ನಡುವೆ ಸ್ಪಷ್ಟ ಗೆರೆ ಬಿದ್ದರೆ ಅದು ಒಣ ಗ್ಯಾಂಗ್ರೀನ್. ಇಲ್ಲಿ ಅವಸರ ಬೇಡ. ಗೆರೆ ಪೂರ್ತಿ ಮೂಡುವವರೆಗೆ ಕಾದು ಕನಿಷ್ಠ ಭಾಗವನ್ನಷ್ಟೇ ತೆಗೆಯುವುದು ವಾಡಿಕೆ, ಕೆಲವೊಮ್ಮೆ ಬೆರಳು ತಾನಾಗಿಯೇ ಕಳಚಿಕೊಳ್ಳುತ್ತದೆ. ಬಾವು, ಕೀವು, ಕೆಟ್ಟ ವಾಸನೆ, ಮೇಲಕ್ಕೆ ಏರುವ ಕೆಂಪು, ಜ್ವರ ಕಂಡರೆ ಅದು ಹಸಿ ಗ್ಯಾಂಗ್ರೀನ್. ಅಲ್ಲಿ ಗಂಟೆಗಳ ಲೆಕ್ಕ, ಅದೇ ದಿನ ಆಸ್ಪತ್ರೆ ಸೇರಬೇಕು.

ಮನೆಯಲ್ಲಿ ಪ್ರೀತಿಯಿಂದ ಮಾಡುವ ಒಂದು ತಪ್ಪು ಒಣದನ್ನು ಹಸಿ ಮಾಡುತ್ತದೆ. ಪಾದ ತಣ್ಣಗಿದೆ ಎಂದು ಬಿಸಿನೀರಿನಲ್ಲಿ ಇಡಿಸುವುದು, ಬಟ್ಟೆ ಸುತ್ತಿದ ಬಿಸಿ ಇಟ್ಟಿಗೆಯ ಶಾಖ ಕೊಡುವುದು. ಶಾಖ ತಾಗಿದ ಮಾಂಸಕ್ಕೆ ಹೆಚ್ಚು ಆಮ್ಲಜನಕ ಬೇಕು, ಅದನ್ನು ತರಬೇಕಾದ ನಾಳ ಮುಚ್ಚಿದೆ. ಕೈಗೆ ಬೆಚ್ಚಗೆ ಎನಿಸುವ ಶಾಖ ಆ ಚರ್ಮವನ್ನು ಸುಟ್ಟುಬಿಡುತ್ತದೆ. ಉಣ್ಣೆಯ ಕಾಲುಚೀಲ, ಹೊದಿಕೆ ಸಾಕು. ಬರಿಗಾಲಲ್ಲಿ ಹೊಲಕ್ಕೆ ಇಳಿಯಬಾರದು, ಆಣಿಯನ್ನು ಬ್ಲೇಡಿನಲ್ಲಿ ಕೆತ್ತಬಾರದು.

ಬಿಟ್ಟ ಮೇಲೆ ಕಾಲು ಉಳಿಯುವುದೇಕೆ

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಜೆಫ್ರಿ ಓಲಿನ್ ಮತ್ತು ಸಂಗಡಿಗರು ತಮ್ಮ ರೋಗಿಗಳನ್ನು ಹಿಂಬಾಲಿಸಿ 1990ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಎಲ್ಲೆಡೆ ಉಲ್ಲೇಖವಾಗುತ್ತದೆ. ಧೂಮಪಾನ ಬಿಟ್ಟವರಲ್ಲಿ ಶೇ. 94ರಷ್ಟು ಮಂದಿ ಅಂಗಚ್ಛೇದನದಿಂದ ಪಾರಾದರು. ಮುಂದುವರಿಸಿದವರಲ್ಲಿ ಶೇ. 43 ಮಂದಿ ಒಂದು ಅಥವಾ ಹೆಚ್ಚು ಬಾರಿ ಕತ್ತರಿಸಿಕೊಂಡರು. ಗ್ಯಾಂಗ್ರೀನ್ ಕಾಣುವ ಮೊದಲೇ ಬಿಟ್ಟವರಲ್ಲಿ ಕತ್ತರಿಸುವ ಪ್ರಸಂಗ ಹೆಚ್ಚುಕಡಿಮೆ ಬರುವುದೇ ಇಲ್ಲ. ಮೇಯೊ ಕ್ಲಿನಿಕ್‌ನವರು 111 ರೋಗಿಗಳ ದಾಖಲೆ ನೋಡಿ 2004ರಲ್ಲಿ ಬರೆದದ್ದು ಇನ್ನೊಂದು ಮಾತು ಸೇರಿಸುತ್ತದೆ: ಬಿಟ್ಟು ಎಂಟು ವರ್ಷ ಕಳೆದವರಲ್ಲಿ ಹೊಸದಾಗಿ ಅಂಗ ಕತ್ತರಿಸುವ ಅಪಾಯ ಉಳಿಯಲಿಲ್ಲ.

ಮುಚ್ಚಿದ ನಾಳ ಮತ್ತೆ ತೆರೆಯುತ್ತದೆ ಎಂದು ಇದರ ಅರ್ಥವಲ್ಲ. ಹಳೆಯ ಹೆಪ್ಪು ನಾರಾಗಿ ಗಟ್ಟಿಯಾಗಿರುತ್ತದೆ, ಹೆಚ್ಚೆಂದರೆ ಅದರ ನಡುವೆ ಕೂದಲೆಳೆಯಂಥ ದಾರಿಗಳು ಕೊರೆದುಕೊಳ್ಳುತ್ತವೆ. ಉಳಿವು ಬರುವುದು ಬೇರೆ ಕಡೆಯಿಂದ. ಮೇಲೆ ಹೇಳಿದ ಬಳಸುದಾರಿಗಳು ಬೆಳೆಯಲು ತಿಂಗಳುಗಳು ಬೇಕು. ಬೀಡಿ ಸೇದುತ್ತಿರುವಾಗ ಅವು ಬೆಳೆಯುವಷ್ಟರಲ್ಲಿ ಮುಂದಿನ ದಾಳಿ ಬಂದು ಇನ್ನೊಂದು ನಾಳವನ್ನು ಮುಚ್ಚುತ್ತದೆ. ದೇಹ ಕಟ್ಟುವುದು ನಿಧಾನ, ಕಾಯಿಲೆ ಕೆಡವುವುದು ಬೇಗ. ಬೀಡಿ ನಿಂತಾಗ ದಾಳಿ ನಿಲ್ಲುತ್ತದೆ, ಕಟ್ಟುವ ಕೆಲಸ ಮಾತ್ರ ಮುಂದುವರಿಯುತ್ತದೆ. ನಿಕೋಟಿನ್ ಹಿಡಿತ ಸಡಿಲಿ ತೆರೆದ ನಾಳಗಳು ಹಿಗ್ಗುತ್ತವೆ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡು ಇಳಿದು ಅಷ್ಟೇ ರಕ್ತ ಹೆಚ್ಚು ಆಮ್ಲಜನಕ ಹೊರುತ್ತದೆ. ಹುಣ್ಣು ಮಾಯಲು ಬೇಕಾದ ರಕ್ತ, ಮಾಯ್ದ ಚರ್ಮ ಬದುಕಿರಲು ಬೇಕಾದ ರಕ್ತಕ್ಕಿಂತ ಹೆಚ್ಚು. ಆದ್ದರಿಂದ ಒಮ್ಮೆ ಮಾಯ್ದ ಪಾದ ಕಡಿಮೆ ರಕ್ತದಲ್ಲೂ ಬಾಳುತ್ತದೆ.

ಮಿತಿಯೂ ಇದೆ. ಕಪ್ಪಾದ ಬೆರಳು ಮರಳಿ ಬರುವುದಿಲ್ಲ. ಬಿಟ್ಟ ಎಷ್ಟೋ ಜನಕ್ಕೆ ನಡೆದಾಗ ಹಿಡಿಯುವ ನೋವು, ಚಳಿಗೆ ಬೆರಳು ಬಿಳಿಚುವುದು ವರ್ಷಗಟ್ಟಲೆ ಉಳಿಯುತ್ತದೆ. ಬಿಟ್ಟರೂ ನೋವು ಹೋಗಲಿಲ್ಲ ಎಂದು ಮತ್ತೆ ಹಚ್ಚುವವರು ಇದ್ದಾರೆ. ಅವರಿಗೆ ಈ ವ್ಯತ್ಯಾಸವನ್ನು ಮೊದಲೇ ಹೇಳಿರಬೇಕು.

ಕಡಿಮೆ ಮಾಡಿದರೆ ಸಾಲದೇ?

ಸಾಲದು. ದಿನಕ್ಕೆ ಒಂದೆರಡು ಸಿಗರೇಟು ಸೇದಿದವರಲ್ಲೂ ಕಾಯಿಲೆ ಉರಿಯುತ್ತಲೇ ಇದ್ದದ್ದನ್ನು ವೈದ್ಯರು ಕಂಡಿದ್ದಾರೆ. ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ, ಗುಟ್ಕಾ ಎಲ್ಲವೂ ತಂಬಾಕೇ. ಬೀಡಿ ಬಿಟ್ಟು ಎಲೆಅಡಿಕೆಯ ಜೊತೆ ಹೊಗೆಸೊಪ್ಪಿಗೆ ಹೋದವನು ಈ ಕಾಯಿಲೆಯ ಮಟ್ಟಿಗೆ ಏನನ್ನೂ ಬಿಟ್ಟಿಲ್ಲ. ಬೇರೆ ಧೂಮಪಾನಿಗಳಿಗೆ ಕೊಡುವ ನಿಕೋಟಿನ್ ಚ್ಯೂಯಿಂಗ್ ಗಮ್, ಪಟ್ಟಿಗಳನ್ನು ಈ ರೋಗಿಗಳಿಗೆ ಆದಷ್ಟು ತಪ್ಪಿಸುತ್ತಾರೆ, ನಿಕೋಟಿನ್ ಒಂದೇ ಕಾಯಿಲೆಯನ್ನು ಜೀವಂತ ಇಡಬಹುದು ಎಂಬ ಕಾರಣಕ್ಕೆ. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ನಿಕೋಟಿನ್ ಇಲ್ಲದ ಮಾತ್ರೆಗಳನ್ನು ವೈದ್ಯರು ಬರೆದುಕೊಡಬಲ್ಲರು. ಬಿಟ್ಟೆ ಎಂದವನ ಕಾಲು ಇನ್ನೂ ಕೆಡುತ್ತಿದ್ದರೆ ಮೂತ್ರದಲ್ಲಿ ಕೊಟಿನಿನ್ ಪರೀಕ್ಷೆ ಮಾಡಿಸುತ್ತಾರೆ. ನಿಕೋಟಿನ್ ದೇಹದೊಳಗೆ ಕರಗಿ ಆಗುವ ವಸ್ತು ಅದು. ರೋಗಿಯನ್ನು ಸಿಕ್ಕಿಹಾಕಿಸಲು ಈ ಪರೀಕ್ಷೆಯಲ್ಲ. ಗುಟ್ಟಾಗಿ ಸೇದುತ್ತಿದ್ದಾನೋ, ಮನೆಯಲ್ಲಿ ಬೇರೆಯವರ ಹೊಗೆ ಕುಡಿಯುತ್ತಿದ್ದಾನೋ, ಅಥವಾ ಕಾಯಿಲೆಯೇ ಬೇರೆಯೋ ಎಂದು ತೀರ್ಮಾನಿಸಲು.

ಆಸ್ಪತ್ರೆ ಕೊಡಬಲ್ಲದ್ದು

ಮುಚ್ಚಿದ ನಾಳದ ಪಕ್ಕ ಹೊಸ ನಾಳ ಜೋಡಿಸುವ ಬೈಪಾಸ್ ಇಲ್ಲಿ ಹೆಚ್ಚಾಗಿ ಆಗುವುದಿಲ್ಲ. ಜೋಡಿಸಬೇಕಾದ ಕೆಳತುದಿಯಲ್ಲೇ ತೆರೆದ ನಾಳ ಇರುವುದಿಲ್ಲವಲ್ಲ. ಐಲೊಪ್ರಾಸ್ಟ್ ಎಂಬ ಔಷಧಿಯನ್ನು ದಿನಗಟ್ಟಲೆ ಡ್ರಿಪ್ಪಿನಲ್ಲಿ ಕೊಟ್ಟರೆ ನೋವು ತಗ್ಗಿ ಹುಣ್ಣು ಮಾಯಲು ನೆರವಾಗುತ್ತದೆ. ಸೊಂಟದ ಹತ್ತಿರ ನಾಳಗಳನ್ನು ಬಿಗಿಹಿಡಿಯುವ ನರದ ಗಂಟುಗಳನ್ನು ತೆಗೆಯುವ ಸಿಂಪಥೆಕ್ಟಮಿ ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆಯುತ್ತಿದೆ. ಅದು ಚರ್ಮಕ್ಕೆ ರಕ್ತ ಹೆಚ್ಚಿಸುತ್ತದೆ, ಹುಣ್ಣಿಗೆ ಒಳ್ಳೆಯದು. ಸ್ನಾಯುವಿಗೆ ಹೆಚ್ಚಿಸುವುದಿಲ್ಲ, ಆದ್ದರಿಂದ ನಡೆಯುವ ದೂರ ಅಷ್ಟಾಗಿ ಬದಲಾಗದು.

ಕರ್ನಾಟಕದ ಪಾಲಿನ ಒಂದು ಸಂಗತಿ ಇಲ್ಲಿ ಬರಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ಬೆಳೆಸಿದ ಕೋಶಗಳ ಚುಚ್ಚುಮದ್ದು, ಸ್ಟೆಂಪ್ಯೂಸೆಲ್, ಇದೇ ಕಾಯಿಲೆಗಾಗಿ ಪರೀಕ್ಷೆಗೊಳಗಾಯಿತು. ಮೀನಖಂಡದ ಸ್ನಾಯುವಿನೊಳಗೆ ಹಲವು ಕಡೆ ಚುಚ್ಚುತ್ತಾರೆ. ಮಲಗಿದಾಗಿನ ನೋವು ಕಡಿಮೆಯಾಗಿ, ಹುಣ್ಣು ಕಿರಿದಾದದ್ದು ಕಂಡುಬಂದು 2016ರಲ್ಲಿ ಭಾರತದ ಔಷಧ ನಿಯಂತ್ರಕರು ಸೀಮಿತ ಅನುಮತಿ ಕೊಟ್ಟರು. ಬಳಸುದಾರಿ ಬೆಳೆಸಲು ಇದು ನೆರವಾಗಬಹುದು, ಮುಂದಿನ ದಾಳಿಯನ್ನು ತಡೆಯುವ ಕೆಲಸ ಇದರದಲ್ಲ.

ಕತ್ತರಿಸಲೇಬೇಕಾದಾಗ ಮಂಡಿಯನ್ನು ಉಳಿಸಲು ಶಸ್ತ್ರವೈದ್ಯರು ಕೊನೆಯವರೆಗೂ ಹೋರಾಡುತ್ತಾರೆ. ಮಂಡಿ ಇದ್ದರೆ ಕೃತಕ ಕಾಲು ಹಾಕಿಕೊಂಡು ಉಬ್ಬುತಗ್ಗಿನ ಬದುವಿನ ಮೇಲೂ ನಡೆಯಬಹುದು, ಮಂಡಿಯ ಮೇಲೆ ಕತ್ತರಿಸಿದರೆ ಅದೇ ನಡಿಗೆಗೆ ಎಷ್ಟೋ ಪಾಲು ಹೆಚ್ಚು ಶ್ರಮ ಬೇಕು.

ಲೊಕ್ಕನಹಳ್ಳಿಯ ಆ ಯುವಕ ಮೊದಲು ಹೋಗಬೇಕಾದದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ. ಪಾದದ ನಾಡಿ ಸಿಗಲಿಲ್ಲವೆಂದರೆ ಅಲ್ಲಿಂದ ಚೀಟಿ ಬರೆಸಿಕೊಂಡು ಚಾಮರಾಜನಗರದ ವೈದ್ಯಕೀಯ ಕಾಲೇಜಿಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಬಹುದು. ಬಿಡುವುದಕ್ಕೆ ಮಾತಿನ ಆಸರೆ ಬೇಕಿದ್ದರೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಕರೆಗೆ ದುಡ್ಡಿಲ್ಲ. ವೈದ್ಯರ ಮುಂದೆ ಕೂತಾಗ ಎರಡು ವಿಷಯ ಮರೆಮಾಚದೆ ಹೇಳಬೇಕು: ಎಷ್ಟು ದೂರ ನಡೆದರೆ ಹಿಡಿಯುತ್ತದೆ, ಕೊನೆಯ ಬೀಡಿ ಯಾವತ್ತು ಸೇದಿದ್ದು. ಮುಂದಿನ ಭೇಟಿಗಳಲ್ಲಿ ಅವನ ಕಾಲಿನ ಲೆಕ್ಕವನ್ನು ವೈದ್ಯರು ಹಿಡಿಯುವುದು ಆ ಕೊನೆಯ ಬೀಡಿಯ ತಾರೀಖಿನಿಂದ.